ವಿಯೆಟ್ನಾಮೀಸ್ ಜೋಡಿಮಾತು: ಎಲ್ಲಿ ಮೆದು, ಎಲ್ಲಿ ಬಿಗಿ, ಕನ್ನಡಕ್ಕೆ ತರುವುದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ಹೋ ಚಿ ಮಿನ್ ನಗರದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಕಲಿತ ಭಾಷೆಯ ಬಲದಿಂದ ಒಂದು ವಿಯೆಟ್ನಾಮೀಸ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಾಲು ಸಾಲಿಗೂ ಜೋಡಿಪದಗಳು. ‘ಡೊ ಡೊ’ ಅಂತ ಇದ್ದ ಕಡೆ ‘ಕೆಂಪು ಕೆಂಪು’ ಅಂತ ಬರೆದೆ. ಅಲ್ಲಿನ ಗೆಳತಿಗೆ ಅರ್ಥ ವಿವರಿಸಿದಾಗ ‘ಅದು ಅಷ್ಟೊಂದು ಕೆಂಪಲ್ಲ’ ಅಂದಳು. ಕೆಲವು ಜೋಡಿ ಅರ್ಥವನ್ನು ಮೆದು ಮಾಡುತ್ತವೆ, ಕೆಲವು ಜೋರು ಮಾಡುತ್ತವೆ ಅನ್ನಿಸುತ್ತಿದೆ. ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಕನ್ನಡದಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ:

ನಿಮ್ಮ ಗೆಳತಿ ಹೇಳಿದ್ದು ಸರಿ. ‘ಡೊ’ ಎಂದರೆ ಕೆಂಪು. ‘ಡೊ ಡೊ’ ಎಂದರೆ ಕೆಂಪಿನ ಛಾಯೆ ಇರುವುದು, ಕೆಂಪು ಅನ್ನಬಹುದಾದದ್ದು. ಕನ್ನಡದ ‘ಕೆಂಪು ಕೆಂಪು ಹಣ್ಣು’ ಇದಕ್ಕೆ ಹೆಚ್ಚುಕಡಿಮೆ ವಿರುದ್ಧ ದಿಕ್ಕಿನದು. ನಾವು ‘ಬಿಸಿ ಬಿಸಿ ಕಾಫಿ’ ಅಂದರೆ ಕಾಫಿ ಚೆನ್ನಾಗಿ ಬಿಸಿಯಾಗಿಯೇ ಇರಬೇಕು. ವಿಯೆಟ್ನಾಮೀಸ್ ಭಾಷೆಯಲ್ಲಿ ಗುಣ ಹೇಳುವ ಪದವನ್ನು ಸುಮ್ನೆ ಎರಡು ಸಲ ಹೇಳಿದರೆ ಸಾಮಾನ್ಯವಾಗಿ ಆ ಗುಣ ತೆಳುವಾಗುತ್ತದೆ. ಎರಡೂ ಭಾಷೆಯಲ್ಲಿ ಜೋಡಿಪದಗಳು ಧಾರಾಳವಾಗಿ ಇರುವುದರಿಂದಲೇ ಕನ್ನಡದವರು ಇಲ್ಲಿ ಎಡವುತ್ತಾರೆ. ಇಂಗ್ಲಿಷಿನಿಂದ ಬಂದವರಿಗೆ ಇದು ಹೊಸದು, ಹಾಗಾಗಿ ನಿಂತು ಯೋಚಿಸುತ್ತಾರೆ. ನಮಗೆ ಪರಿಚಿತ ಅನ್ನಿಸುತ್ತದೆ, ಯೋಚಿಸದೆ ಮುಂದೆ ಹೋಗುತ್ತೇವೆ.

ಈ ಪದಗಳನ್ನು ಅಲ್ಲಿ ‘ತು ಲಯ್’ ಎನ್ನುತ್ತಾರೆ. ಶಾಲೆಯ ಮಕ್ಕಳಿಗೆ ಇದರ ಪಾಠ ಇರುತ್ತದೆ. ಬರೀ ಈ ಪದಗಳಿಗೆಂದೇ ಮಾಡಿದ ನಿಘಂಟುಗಳೂ ಇವೆ. ಮುಂದೆ ಹೋಗುವ ಮೊದಲು ಒಂದು ಮಾತು: ಕನ್ನಡ ಲಿಪಿಯಲ್ಲಿ ಆ ಭಾಷೆಯ ಸ್ವರದ ಏರಿಳಿತ ಕಾಣುವುದಿಲ್ಲ. ನಾನು ‘ಡೊ ಡೊ’ ಎಂದು ಬರೆದರೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಕಿವಿಗೆ ಹಾಗಿಲ್ಲ. ಇಲ್ಲಿ ಸ್ವರ ಎಂದರೆ ಅ, ಆ ಅಲ್ಲ, ದನಿಯ ಏರಿಳಿತ. ಅಲ್ಲಿ ಅಂಥ ಆರು ಸ್ವರಗಳು. ಕೆಂಪು ಎನ್ನುವ ‘ಡೊ’ ಸ್ವರ ಬಗ್ಗಿಸಿ ಹೇಳುವ ಪದ. ಜೋಡಿ ಮಾಡಿದಾಗ ಮೊದಲನೆಯದು ಸಮನಾದ ಸ್ವರಕ್ಕೆ ಬರುತ್ತದೆ, ಎರಡನೆಯದು ಮಾತ್ರ ಬಗ್ಗಿದ ಸ್ವರದಲ್ಲೇ ಉಳಿಯುತ್ತದೆ. ಈ ಸಣ್ಣ ಬದಲಾವಣೆಯೇ ನಿಮಗೆ ಸಿಗುವ ಮೊದಲ ಗುರುತು.

ನಿಯಮ ಹೀಗಿದೆ. ಆರು ಸ್ವರಗಳು ಮೂರು ಮೂರರ ಎರಡು ಬಳಗ. ಮೇಲಿನ ಬಳಗದಲ್ಲಿ ಸಮ, ಏರುವ ಮತ್ತು ಬಗ್ಗುವ ಸ್ವರಗಳು. ಕೆಳಗಿನ ಬಳಗದಲ್ಲಿ ಇಳಿಯುವ, ಮುರಿಯುವ ಮತ್ತು ಭಾರದ ಸ್ವರಗಳು. ಮೆದು ಮಾಡುವ ಜೋಡಿಯಲ್ಲಿ ಮೊದಲ ಪದ ತನ್ನ ಬಳಗದ ಅತಿ ಸರಳ ಸ್ವರಕ್ಕೆ ಹೋಗುತ್ತದೆ. ಮೇಲಿನ ಬಳಗವಾದರೆ ಸಮ, ಕೆಳಗಿನದಾದರೆ ಇಳಿಯುವ ಸ್ವರ. ಪದದ ಕೊನೆಯಲ್ಲಿ ಪ್, ತ್, ಚ್, ಕ್ ಇದ್ದರೆ ಅದೂ ಮೆತ್ತಗಾಗಿ ಮ್, ನ್, ಞ್, ಙ್ ಆಗುತ್ತದೆ. ‘ಡೆಪ್’ ಎಂದರೆ ಚೆಂದ, ‘ಡೆಮ್ ಡೆಪ್’ ಎಂದರೆ ಒಂದು ಮಟ್ಟಿಗೆ ಚೆಂದ. ‘ಙೊತ್’ ಎಂದರೆ ಸಿಹಿ, ‘ಙೊನ್ ಙೊತ್’ ಎಂದರೆ ನಾಲಗೆಗೆ ಹಿತವಾಗಿ ತಾಗುವ ತುಸು ಸಿಹಿ. ‘ಖಾಕ್’ ಎಂದರೆ ಬೇರೆ, ‘ಖಾಙ್ ಖಾಕ್’ ಎಂದರೆ ಏನೋ ಸ್ವಲ್ಪ ಬೇರೆ ಥರ ಇದೆ ಎಂಬ ಭಾವ. ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಙ, ಞ ಅಕ್ಷರಗಳಿಗೆ ಈ ಭಾಷೆಯಲ್ಲಿ ಕೈತುಂಬ ಕೆಲಸ!

ನೀವು ದಕ್ಷಿಣದಲ್ಲಿದ್ದವರು. ಅಲ್ಲಿ ಆಡುಮಾತಿನಲ್ಲಿ ಸ್ವರ ಬದಲಿಸದೆ ನೇರವಾಗಿ ಎರಡು ಸಲ ಹೇಳುವುದೂ ಉಂಟು. ಸಣ್ಣದು ಎನ್ನುವ ‘ಞೊ’ ಪದವನ್ನು ಹಾಗೇ ಜೋಡಿಸಿಬಿಡುತ್ತಾರೆ. ಆಗಲೂ ಅರ್ಥ ಮೆದುವೇ. ಜೊತೆಗೆ, ಮೂಲಪದವೇ ಸಮ ಸ್ವರದ್ದೋ ಇಳಿಯುವ ಸ್ವರದ್ದೋ ಆಗಿದ್ದರೆ ಬದಲಾಗಲು ಏನೂ ಇರುವುದಿಲ್ಲ. ‘ಬುವೊನ್’ ಎಂದರೆ ಬೇಸರ. ‘ಬುವೊನ್ ಬುವೊನ್’ ಎಂದರೆ ಕಾರಣ ಇಂಥದ್ದೇ ಅನ್ನಲಾಗದ ಒಂದು ತೆಳು ಬೇಸರ.

ಜೋರು ಮಾಡುವ ಜೋಡಿಗೆ ಬರೋಣ. ಇದಕ್ಕೆ ‘ಲಾಞ್’ ಎಂಬ ಒಂದೇ ಪದ ಸಾಕು. ಅದರ ಅರ್ಥ ಚಳಿ, ತಣ್ಣಗೆ. ಇದರಿಂದ ಮೂರು ಜೋಡಿಗಳು ಹುಟ್ಟುತ್ತವೆ. ‘ಲಾಞ್ ಲಾಞ್’ ಎಂದರೆ ಸಣ್ಣಗೆ ಚಳಿ, ಹಲವು ಸಲ ಹಿತವಾದ ಚಳಿ. ‘ಲಾಞ್ ಲೆವ್’ ಎಂದರೆ ಕೊರೆಯುವ ಚಳಿ, ಅದರೊಳಗೆ ಬಿಕೋ ಎನ್ನುವ ಒಂಟಿತನವೂ ಸೇರಿದೆ. ಯಾರೂ ಇಲ್ಲದ ಮನೆ ಹೀಗಿರುತ್ತದೆ. ‘ಲಾಞ್ ಲುಙ್’ ಎಂದರೆ ಹವಾಮಾನವನ್ನು ಬಿಟ್ಟು ಮನುಷ್ಯರ ಕಡೆ ಬಂದ ಪದ. ಮುಖ ಕೊಡದ, ಬೆಚ್ಚಗಿಲ್ಲದ ನಡವಳಿಕೆ. ಎದುರಿಗೆ ಬಂದರೂ ಗುರುತೇ ಇಲ್ಲದವರ ಹಾಗೆ ಹೋಗುತ್ತಾರಲ್ಲ, ಅದು.

ಈ ಮೂರರಲ್ಲಿ ಮೂಲಪದ ಎಲ್ಲಿ ಕೂತಿದೆ ನೋಡಿ. ಮೆದು ಜೋಡಿಯಲ್ಲಿ ಮೂಲಪದ ಎರಡನೆಯದು, ಅದರ ಮುಂದೆ ಸ್ವರ ಸಡಿಲಿಸಿದ ನೆರಳು. ಉಳಿದ ಎರಡರಲ್ಲಿ ಮೂಲಪದ ಮೊದಲು, ಅದರ ಹಿಂದೆ ಸ್ವಂತ ಅರ್ಥ ಇಲ್ಲದ ಬಾಲ. ಗುಣವಾಚಕಗಳ ಮಟ್ಟಿಗೆ ನಾನು ಮೊದಲು ನೋಡುವುದು ಇದನ್ನೇ. ನೆರಳು ಮುಂದಿದ್ದರೆ ಗುಣ ತೆಳುವಾಗಿದೆ. ಬಾಲ ಹಿಂದಿದ್ದರೆ ಗುಣ ಹರಡಿಕೊಂಡಿದೆ, ಅದರ ಮೇಲೆ ಯಾರದೋ ತೀರ್ಪು ಕೂತಿದೆ.

ತೀರ್ಪು ಎಂದೆ. ಅದು ಮುಖ್ಯ. ಬಾಲ ಇರುವ ಜೋಡಿಯನ್ನು ‘ತುಂಬಾ’ ಎಂದು ಅನುವಾದಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ‘ಞೊ’ ಪದವನ್ನೇ ತಗೊಳ್ಳಿ. ‘ಞೊ ಞನ್’ ಎಂದರೆ ಪುಟ್ಟದಾಗಿ, ಅಚ್ಚುಕಟ್ಟಾಗಿ ಇರುವುದು. ಹೆಣ್ಣುಮಗಳ ಮೈಕಟ್ಟಿಗೆ, ಅಂದವಾದ ಕೈಗೆ ಹೇಳುತ್ತಾರೆ. ‘ಞೊ ಞೆನ್’ ಎಂದರೆ ಸಣ್ಣಬುದ್ಧಿ. ‘ಞೊ ಞತ್’ ಎಂದರೆ ಗಣನೆಗೆ ಬಾರದ ಚಿಲ್ಲರೆ ವಿಷಯ. ‘ಞೊ ಞೊಯ್’ ಎಂದರೆ ಪಾಪ ಅನ್ನಿಸುವಷ್ಟು ಕಡಿಮೆ, ಬಡ ಸಂಬಳದ ಹಾಗೆ. ಮೂಲಪದ ಒಂದೇ, ಬಾಲ ಬದಲಾದಂತೆ ಹೇಳುವವರ ಮನಸ್ಸು ಬದಲಾಗುತ್ತದೆ. ಇಲ್ಲಿ ನಿಯಮದಿಂದ ಅರ್ಥ ಊಹಿಸಲು ಹೋಗಬೇಡಿ. ಪ್ರತಿ ಪದವನ್ನೂ ನಿಘಂಟಿನಲ್ಲಿ ನೋಡಲೇಬೇಕು. ಮೆದು ಜೋಡಿಯನ್ನು ನಿಯಮದಿಂದ ಕಟ್ಟಬಹುದು, ಬಾಲದ ಜೋಡಿ ಮಾತ್ರ ಒಂದೊಂದೂ ಬೇರೆ ಪದ.

ಕಿವಿ ಪಳಗುವ ತನಕ ಇನ್ನೊಂದು ಪರೀಕ್ಷೆ ಮಾಡಬಹುದು. ಆ ಭಾಷೆಯಲ್ಲಿ ‘ರತ್’ ಎಂದರೆ ತುಂಬಾ, ‘ಹೊಯ್’ ಎಂದರೆ ಸ್ವಲ್ಪ. ನಿಮ್ಮ ಜೋಡಿಪದದ ಮುಂದೆ ಎರಡನ್ನೂ ಇಟ್ಟು ಗೆಳತಿಯನ್ನು ಕೇಳಿ. ‘ರತ್ ಲಾಞ್ ಲೆವ್’ ಸಲೀಸಾಗಿ ನಡೆಯುತ್ತದೆ. ‘ರತ್ ಡೊ ಡೊ’ ಎಂದರೆ ಅವಳು ಮುಖ ಸಿಂಡರಿಸುತ್ತಾಳೆ. ತೆಳುವಾದದ್ದಕ್ಕೆ ‘ತುಂಬಾ’ ಕೂಡುವುದಿಲ್ಲ, ಅಲ್ವಾ? ಆದರೆ ‘ರತ್’ ಒಪ್ಪದ ಇನ್ನೊಂದು ಗುಂಪೂ ಇದೆ. ಅವು ಈಗಾಗಲೇ ತುದಿ ಮುಟ್ಟಿದ ಪದಗಳು, ಮುಂದೆ ಹೋಗಲು ಜಾಗವೇ ಇಲ್ಲ. ‘ಸಾಚ್’ ಎಂದರೆ ಶುಚಿ. ‘ಸಾಚ್ ಸೆ’ ಎಂದರೆ ಅಚ್ಚುಕಟ್ಟಾಗಿ ಶುಚಿ, ಇದು ‘ರತ್’ ಒಪ್ಪುತ್ತದೆ. ‘ಸಾಚ್ ಸಾಞ್ ಸಾಞ್’ ಎಂಬ ಮೂರು ಉಚ್ಚಾರದ ಪದ ಒಪ್ಪುವುದಿಲ್ಲ. ಅದರ ಅರ್ಥ ಏನೂ ಉಳಿಯದ ಹಾಗೆ ಖಾಲಿ. ಇಲ್ಲಿ ‘ಹೊಯ್’ ಸಹಾಯಕ್ಕೆ ಬರುತ್ತದೆ. ತೆಳು ಜೋಡಿಯ ಮುಂದೆ ‘ಹೊಯ್’ ಬಂದರೆ ಯಾರೂ ಬೇಡ ಅನ್ನುವುದಿಲ್ಲ, ತುದಿ ಮುಟ್ಟಿದ ಪದದ ಮುಂದೆ ಬರಲಾರದು.

ನೆರಳು ಮುಂದಿದ್ದರೆ ಮೆದು ಎಂಬ ನಿಯಮಕ್ಕೆ ಒಂದು ಮುಖ್ಯ ಅಪವಾದ ಇದೆ, ಅಡುಗೆಮನೆಯ ವರ್ಣನೆಯಲ್ಲಿ ಸಿಕ್ಕೇ ಸಿಗುತ್ತದೆ. ‘ಥೊಮ್’ ಎಂದರೆ ಪರಿಮಳ. ಅದರ ಪಕ್ಕದಲ್ಲಿ ‘ಫುಕ್’ ಸೇರಿಸಿದರೆ ಗಾಢ ಪರಿಮಳ. ಈ ‘ಫುಕ್’ ಪದವನ್ನು ಜೋಡಿಸಿ ‘ಥೊಮ್ ಫುಙ್ ಫುಕ್’ ಎಂದರೆ ಪರಿಮಳ ಇನ್ನೂ ಜಾಸ್ತಿಯಾಗುತ್ತದೆ. ಸ್ವರ ಸಡಿಲಾಗಿದೆ, ಕೊನೆಯ ಕ್ ಮೆತ್ತಗಾಗಿದೆ, ಆದರೂ ಅರ್ಥ ಬಿಗಿಯಾಗಿದೆ. ಏಕೆಂದರೆ ಇಲ್ಲಿ ಜೋಡಿಯಾದದ್ದು ಗುಣದ ಪದವಲ್ಲ. ಗುಣಕ್ಕೆ ಒತ್ತು ಕೊಡಲೆಂದೇ ಇದ್ದ ಸಹಾಯಕ ಪದ. ಒತ್ತನ್ನು ಎರಡು ಮಾಡಿದರೆ ಒತ್ತು ಹೆಚ್ಚಲೇಬೇಕು. ಕನ್ನಡದಲ್ಲಿ ಇದಕ್ಕೆ ‘ಘಮಘಮ’ ಹೇಳಿ ಮಾಡಿಸಿದ ಪದ. ಪರಿಮಳದ ಇನ್ನೊಂದು ತುದಿಯಲ್ಲಿ ‘ಥ್ವಾಙ್ ಥ್ವಾಙ್’ ಇದೆ. ಗಾಳಿಯಲ್ಲಿ ಬಂದು ಹೋದಂತೆ ಅನ್ನಿಸುವ ಕಂಪು. ಅದಕ್ಕೂ ‘ಘಮಘಮ’ ಬರೆದ ಅನುವಾದಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ‘ಒಂದೆಳೆ ಕಂಪು ತೇಲಿ ಬಂತು’ ಎನ್ನಬಹುದು.

ಕನ್ನಡದ ಕಡೆ ತಿರುಗೋಣ. ನಮ್ಮಲ್ಲಿ ನಾಮಪದದ ಮುಂದೆ ಗುಣವಾಚಕ ಎರಡು ಸಲ ಬಂದರೆ ಒಂದೋ ಗುಣ ಹೆಚ್ಚುತ್ತದೆ, ಇಲ್ಲವೇ ವಸ್ತುಗಳು ಹೆಚ್ಚುತ್ತವೆ. ಈ ಎರಡನೆಯದು ಇನ್ನೂ ಅಪಾಯ. ಕಥೆಯಲ್ಲಿ ಒಬ್ಬ ಹುಡುಗ ಮೇಷ್ಟರಿಗೆ ಒಂದು ‘ಞೊ ಞೊ’ ಉಡುಗೊರೆ ಕೊಡುತ್ತಾನೆ ಎಂದುಕೊಳ್ಳಿ. ನೀವು ‘ಸಣ್ಣ ಸಣ್ಣ ಉಡುಗೊರೆ ಕೊಟ್ಟ’ ಎಂದು ಬರೆದರೆ ಓದುಗರ ಕಣ್ಣಿಗೆ ನಾಲ್ಕೈದು ಪೊಟ್ಟಣ ಕಾಣುತ್ತವೆ. ಮೂಲದಲ್ಲಿ ಇದ್ದದ್ದು ಒಂದೇ. ಅಲ್ಲಿ ಜೋಡಿಯ ಕೆಲಸ ಅಳತೆ ಹೇಳುವುದಕ್ಕಿಂತ ಹೆಚ್ಚಾಗಿ ವಿನಯ, ಅಕ್ಕರೆ. ಕನ್ನಡದಲ್ಲಿ ಆ ಅಕ್ಕರೆ ‘ಪುಟ್ಟ’ ಎಂಬ ಪದದಲ್ಲೇ ಇದೆ. ಇನ್ನೂ ಸೊಗಸಾದ ದಾರಿ ‘ಒಂದು’ ಪದವನ್ನು ಹಿಂದಕ್ಕೆ ತರುವುದು: ‘ಚಿಕ್ಕದೊಂದು ಉಡುಗೊರೆ’. ‘ಒಂದು ಚಿಕ್ಕ ಉಡುಗೊರೆ’ ಎಂದರೆ ಬರೀ ಲೆಕ್ಕ. ‘ಚಿಕ್ಕದೊಂದು’ ಎಂದರೆ ಕೊಡುವ ಕೈ ಸ್ವಲ್ಪ ಸಂಕೋಚ ಪಡುವುದು ಕಾಣುತ್ತದೆ.

ಹಾಗಂತ ಕನ್ನಡದ ದ್ವಿರುಕ್ತಿ ಯಾವಾಗಲೂ ಜೋರೇ ಎಂದು ತಿಳಿಯಬೇಡಿ. ಒಂದು ಜಾಗದಲ್ಲಿ ಅದು ಅಪ್ಪಟ ವಿಯೆಟ್ನಾಮೀಸ್ ಥರ ವರ್ತಿಸುತ್ತದೆ. ‘ಯಾಕೋ ಚಳಿ ಚಳಿ ಅನ್ನಿಸುತ್ತಿದೆ’, ‘ಬಾಯೆಲ್ಲ ಕಹಿ ಕಹಿ ಆಗಿದೆ’, ‘ಒಂಥರಾ ಭಯ ಭಯ’ ಎನ್ನುತ್ತೇವಲ್ಲ, ಅಲ್ಲಿ ಚಳಿಯೂ ಕಹಿಯೂ ಭಯವೂ ಖಚಿತವಿಲ್ಲ. ಅವು ಮೈಗೆ ಅರೆಬರೆ ತಿಳಿಯುವ ಅನುಭವಗಳು. ವ್ಯತ್ಯಾಸ ಮಾಡುವುದು ವಾಕ್ಯದ ಜಾಗ. ನಾಮಪದದ ಮುಂದೆ ನಿಂತರೆ ಜೋರು ಅಥವಾ ಬಹಳ. ‘ಅನ್ನಿಸು’, ‘ಆಗು’, ‘ಒಂಥರಾ’, ‘ಯಾಕೋ’ ಜೊತೆಗೆ ಬಂದರೆ ಮೆದು. ಆದ್ದರಿಂದ ಮೂಲದಲ್ಲಿ ‘ಲಾಞ್ ಲಾಞ್’ ಬಂದಾಗ ಅದನ್ನು ‘ಚಳಿ ಚಳಿ ಗಾಳಿ’ ಎಂದು ಮಾಡಬೇಡಿ. ‘ಸಣ್ಣಗೆ ಚಳಿ ಚಳಿ ಅನ್ನಿಸಿತು’ ಎಂದು ಮಾಡಬಹುದು. ಜೋಡಿಯೂ ಉಳಿಯಿತು, ಮೆದುತನವೂ ಉಳಿಯಿತು. ಒಂದು ಷರತ್ತು: ಆ ಚಳಿಯನ್ನು ಅನುಭವಿಸುವ ಯಾರಾದರೂ ಆ ವಾಕ್ಯದಲ್ಲಿ ಇರಬೇಕು. ಮೂಲದಲ್ಲಿ ಬರೀ ಹವಾಮಾನದ ವರ್ಣನೆ ಇದ್ದರೆ ‘ಅನ್ನಿಸಿತು’ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ.

ಜೋಡಿ ಹೊಂದದ ಕಡೆ ಕನ್ನಡದಲ್ಲಿ ಬೇರೆ ಸಾಮಗ್ರಿ ಇದೆ. ನಸುಗೆಂಪು, ನಸುಗತ್ತಲು, ತಿಳಿಹಸಿರು, ಎಳೆಬಿಸಿಲು, ಉಗುರುಬೆಚ್ಚಗೆ. ಪದದ ತಲೆಯಲ್ಲಿ ಕೂತ ಈ ಸಣ್ಣ ತುಣುಕುಗಳು ಮಾಡುವ ಕೆಲಸವನ್ನೇ ಅಲ್ಲಿ ಸ್ವರ ಸಡಿಲಿಸಿದ ನೆರಳು ಮಾಡುತ್ತದೆ. ‘ಕೆಂಪಗೆ’, ‘ತಣ್ಣಗೆ’, ‘ತೆಳ್ಳಗೆ’ ಎಂಬ ರೂಪಗಳೂ ಒಳ್ಳೆಯವು. ನಾನು ಕಡಿಮೆ ಬಳಸುವುದು ‘ಸ್ವಲ್ಪ’. ಅದಕ್ಕೆ ಕಾರಣ ಇದೆ. ‘ಸ್ವಲ್ಪ’ ಅಳತೆಯ ಪದ, ಅಲ್ಲಿನ ‘ಹೊಯ್’ ಇದ್ದ ಹಾಗೆ. ‘ಮನ್’ ಎಂದರೆ ಉಪ್ಪುಪ್ಪಾಗಿರುವುದು. ‘ಹೊಯ್ ಮನ್’ ಎಂದರೆ ಅನೇಕ ಸಲ ದೂರು: ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಬಿದ್ದಿದೆ. ಜೋಡಿಸಿ ‘ಮನ್ ಮನ್’ ಎಂದರೆ ದೂರಿಲ್ಲ. ನಾಲಗೆಗೆ ಹದವಾಗಿ ಉಪ್ಪು ತಗುಲಿತು ಎನ್ನುವ ಅನುಭವ ಮಾತ್ರ. ಇಂಗ್ಲಿಷ್ ಅನುವಾದ ಪಕ್ಕದಲ್ಲಿಟ್ಟುಕೊಂಡರೆ ಎರಡಕ್ಕೂ ಒಂದೇ ಪದ ಸಿಗುತ್ತದೆ, ಎರಡೂ ಕನ್ನಡದಲ್ಲಿ ‘ಸ್ವಲ್ಪ ಉಪ್ಪು’ ಆಗಿಬಿಡುತ್ತವೆ. ಅಡುಗೆ ಮಾಡಿದ ಅತ್ತೆಯನ್ನು ಸೊಸೆ ಹೊಗಳಿದಳೋ ತೆಗಳಿದಳೋ ಎಂಬುದೇ ತಿರುಗುಮುರುಗಾಗುತ್ತದೆ.

ಒಂದು ತುಣುಕನ್ನು ಕೈಗೆತ್ತಿಕೊಂಡು ನೋಡೋಣ. ಇಂಥ ಕಥೆಗಳಲ್ಲಿ ಬರುವ ಮಾದರಿಯಲ್ಲಿ ನಾನೇ ಕಟ್ಟಿದ ಸಾಲುಗಳಿವು. ಹವೆ ‘ಲಾಞ್ ಲಾಞ್’. ಮಳೆ ‘ಲತ್ ಫತ್’. ಅಜ್ಜಿ ಒಲೆಯ ಪಕ್ಕ ‘ಲೊಮ್ ಖೊಮ್’ ಕೂತಿದ್ದಾಳೆ, ಹೊಗೆಗೆ ಕಣ್ಣು ‘ಡೊ ಡೊ’. ಮೊಮ್ಮಗ ‘ಹಪ್ ತಾ ಹಪ್ ತಪ್’ ಓಡಿ ಬರುತ್ತಾನೆ. ನಾಲ್ಕು ವಾಕ್ಯ, ಐದು ಜೋಡಿಗಳು. ವಿಯೆಟ್ನಾಮೀಸ್ ಗದ್ಯದಲ್ಲಿ ಇದು ಅತಿ ಅನ್ನಿಸುವುದಿಲ್ಲ.

ಜೋಡಿಗೆ ಜೋಡಿ ಇಟ್ಟರೆ ಬರುವ ಕನ್ನಡ ಹೀಗಿರುತ್ತದೆ: ‘ಹವೆ ಚಳಿ ಚಳಿಯಾಗಿತ್ತು. ಮಳೆ ಜಿಟಿಜಿಟಿ ಸುರಿಯುತ್ತಿತ್ತು. ಅಜ್ಜಿ ಒಲೆಯ ಪಕ್ಕ ಬಾಗಿ ಬಾಗಿ ಕೂತಿದ್ದಳು, ಹೊಗೆಗೆ ಕಣ್ಣು ಕೆಂಪು ಕೆಂಪಾಗಿತ್ತು. ಮೊಮ್ಮಗ ಗಡಿಬಿಡಿ ಗಡಿಬಿಡಿಯಾಗಿ ಓಡಿ ಬಂದ.’

ಜೋರಾಗಿ ಓದಿ ನೋಡಿ. ಮಕ್ಕಳ ಪದ್ಯದ ಕುಣಿತ ಬಂದಿದೆ. ಅರ್ಥವೂ ಒಂದೊಂದು ಕಡೆ ಜಾರಿದೆ. ‘ಲತ್ ಫತ್’ ಎಂದರೆ ಗಾಳಿಗೆ ಅತ್ತಿತ್ತ ಹಾರುವ, ಕೊಡೆ ಬಿಚ್ಚಲೋ ಬೇಡವೋ ಎನ್ನಿಸುವ ನವಿರು ಹನಿ. ‘ಜಿಟಿಜಿಟಿ’ ಎಂದರೆ ಬಿಡದೆ ಹಿಡಿದು ಬೇಸರ ಹುಟ್ಟಿಸುವ ಮಳೆ. ಅದಕ್ಕೆ ಅಲ್ಲಿ ಬೇರೆಯದೇ ಜೋಡಿ ಇದೆ. ‘ಬಾಗಿ ಬಾಗಿ’ ಎಂದರೆ ಅಜ್ಜಿ ಮತ್ತೆ ಮತ್ತೆ ಬಗ್ಗಿ ಏಳುತ್ತಿದ್ದಾಳೆ. ‘ಲೊಮ್ ಖೊಮ್’ ಪದದಲ್ಲಿ ಚಲನೆ ಇರಲೇಬೇಕೆಂದಿಲ್ಲ, ಬೆನ್ನು ಗೂನಾಗಿ ಬಗ್ಗಿದ ಭಂಗಿ ಅದು. ಕೆಂಪು ಕೆಂಪಾದ ಕಣ್ಣು ಕನ್ನಡದಲ್ಲಿ ಸಿಟ್ಟಿನದು, ಇಲ್ಲವೇ ರಾತ್ರಿಯಿಡೀ ಅತ್ತದ್ದು. ಓದುಗರು ಇಲ್ಲದ ಜಗಳವೊಂದನ್ನು ಊಹಿಸಿಕೊಳ್ಳುತ್ತಾರೆ.

ಹಾಗಾದರೆ ಏನು ಮಾಡಬೇಕು? ಮೊದಲು ಐದರಲ್ಲಿ ಕಥೆಗೆ ಬೇಕೇ ಬೇಕಾದವು ಯಾವುವು ಎಂದು ನೋಡುತ್ತೇನೆ. ಇಲ್ಲಿ ಮೂರು ಮೆದು ಚಿತ್ರಗಳು ಒಂದಾದ ಮೇಲೊಂದು ಬಂದು ಒಂದು ಸದ್ದಿಲ್ಲದ ಸಂಜೆಯನ್ನು ಕಟ್ಟುತ್ತವೆ. ಕೊನೆಯಲ್ಲಿ ನಾಲ್ಕು ಉಚ್ಚಾರದ ಉದ್ದ ಪದವೊಂದು ನುಗ್ಗಿ ಬಂದು ಅದನ್ನು ಕದಡುತ್ತದೆ. ಈ ಏರಿಳಿತ ಉಳಿಯಬೇಕು. ಪ್ರತಿ ಪದದ ಜೋಡಿತನ ಉಳಿಯಲೇಬೇಕೆಂದಿಲ್ಲ.

ಮಳೆಗೆ ‘ತುಂತುರು’ ಇದೆ. ಅದರ ಸದ್ದಿನಲ್ಲೇ ಒಂದು ಜೋಡಿ ಅಡಗಿದೆ, ಅರ್ಥವೂ ಹತ್ತಿರ. ಅಜ್ಜಿಯ ಭಂಗಿಗೆ ಜೋಡಿ ಬೇಡ, ‘ಬೆನ್ನು ಬಗ್ಗಿಸಿಕೊಂಡು’ ಸಾಕು. ಕಣ್ಣಿನ ವಿಷಯ ಸೂಕ್ಷ್ಮ. ‘ನಸುಗೆಂಪು’ ನಿಘಂಟಿನ ಪ್ರಕಾರ ಸರಿ, ಆದರೆ ನಮ್ಮಲ್ಲಿ ಆ ಪದ ಸಂಜೆಯ ಆಕಾಶಕ್ಕೆ, ನಾಚಿದ ಕೆನ್ನೆಗೆ ಅಂಟಿಕೊಂಡಿದೆ. ಹೊಗೆ ಕುಡಿದ ಮುದಿ ಕಣ್ಣಿಗೆ ಅದು ಅಲಂಕಾರ ಆಗುತ್ತದೆ. ಇಲ್ಲಿ ಕೆಂಪನ್ನು ತೆಳು ಮಾಡುವ ಬದಲು ಅದರ ಜಾಗವನ್ನು ಕಿರಿದು ಮಾಡಬಹುದು: ‘ಕಣ್ಣಂಚು ಕೆಂಪಗಾಗಿತ್ತು’. ಅಂಚು ಮಾತ್ರ ಕೆಂಪಾದರೆ ಇಡೀ ಕಣ್ಣು ತುಸುವೇ ಕೆಂಪು. ಮೆದುತನವನ್ನು ಗುಣದ ಪದದಿಂದ ತೆಗೆದು ನಾಮಪದಕ್ಕೆ ಕೊಟ್ಟ ಹಾಗಾಯಿತು. ನನಗೆ ಬಹಳ ಸಲ ಕೈಹಿಡಿದಿರುವ ದಾರಿ ಇದು.

ಮೊಮ್ಮಗನ ಓಟಕ್ಕೆ ಬರೋಣ. ‘ಹಪ್ ತಪ್’ ಎಂದರೆ ಅವಸರ, ಗಡಿಬಿಡಿ. ಅದನ್ನು ನಾಲ್ಕು ಉಚ್ಚಾರಕ್ಕೆ ಹಿಗ್ಗಿಸಿ ‘ಹಪ್ ತಾ ಹಪ್ ತಪ್’ ಎಂದರೆ ಆ ಗಡಿಬಿಡಿ ಕಣ್ಣಿಗೆ ಕಾಣುವಷ್ಟು ಹೆಚ್ಚಾಗುತ್ತದೆ, ಕೈಕಾಲು ಒಂದಕ್ಕೊಂದು ತೊಡರುತ್ತವೆ. ಹೀಗೆ ಹಿಗ್ಗಿಸುವುದು ಅಲ್ಲಿ ಒತ್ತು ಕೊಡುವ ದೊಡ್ಡ ದಾರಿ. ಕಕ್ಕಾಬಿಕ್ಕಿಯಾಗುವುದಕ್ಕೆ ‘ಲುಙ್ ತುಙ್’ ಎಂದರೆ, ಅದು ಹೆಚ್ಚಾದಾಗ ‘ಲುಙ್ ತಾ ಲುಙ್ ತುಙ್’. ಕನ್ನಡದಲ್ಲಿ ‘ಗಡಿಬಿಡಿ’ ಮೊದಲೇ ಜೋಡಿ. ಅದನ್ನು ಮತ್ತೆ ಜೋಡಿಸಿದರೆ ಒತ್ತು ಬರುವುದಿಲ್ಲ, ನಾಲಗೆ ತೊಡರುತ್ತದೆ. ನಮ್ಮಲ್ಲಿ ಒತ್ತು ಹೆಚ್ಚಬೇಕಾದರೆ ಪದ ಬಿಟ್ಟು ನುಡಿಗಟ್ಟಿಗೆ ಹೋಗುತ್ತೇವೆ: ‘ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ’. ಉದ್ದವೂ ಇದೆ, ಒಳಗೆ ಪ್ರಾಸವೂ ಇದೆ, ಮೂಲದ ಹಾಗೆ ಎರಡು ಹೆಜ್ಜೆಯ ನಡಿಗೆಯೂ ಇದೆ.

ಒಟ್ಟು ಹೀಗಾಗುತ್ತದೆ: ‘ಸಣ್ಣಗೆ ಚಳಿ ಹಿಡಿದಿತ್ತು. ಹೊರಗೆ ತುಂತುರು. ಅಜ್ಜಿ ಬೆನ್ನು ಬಗ್ಗಿಸಿಕೊಂಡು ಒಲೆಯ ಪಕ್ಕ ಕೂತಿದ್ದಳು, ಹೊಗೆಗೆ ಕಣ್ಣಂಚು ಕೆಂಪಗಾಗಿತ್ತು. ಅಷ್ಟರಲ್ಲಿ ಮೊಮ್ಮಗ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.’ ಐದರಲ್ಲಿ ಕಿವಿಗೆ ಜೋಡಿಯಾಗಿ ಉಳಿದದ್ದು ಎರಡು. ಮೊದಲ ವಾಕ್ಯಗಳನ್ನು ಮೋಟು ಮಾಡಿದ್ದು ಬೇಕೆಂದೇ. ಅಲ್ಲಿ ಜೋಡಿಗಳು ಕೊಡುತ್ತಿದ್ದ ನಿಧಾನವನ್ನು ಇಲ್ಲಿ ಪೂರ್ಣವಿರಾಮಗಳು ಕೊಡುತ್ತವೆ.

‘ಸಾಚ್ ಸಾಞ್ ಸಾಞ್’ ಮರೆಯುವ ಮೊದಲು: ಅದಕ್ಕೂ ನುಡಿಗಟ್ಟೇ ಸರಿ. ಹುಡುಗ ಊಟ ಮುಗಿಸಿದ ಸಂದರ್ಭವಾದರೆ ‘ಒಂದಗುಳೂ ಬಿಡಲಿಲ್ಲ’. ಕಳ್ಳರು ಮನೆಗೆ ನುಗ್ಗಿದ್ದಾದರೆ ‘ಗುಡಿಸಿ ಗುಂಡಾಂತರ ಮಾಡಿದರು’. ಒಂದೇ ಮೂಲಪದ, ಎರಡು ಕನ್ನಡ. ಇದರಲ್ಲಿ ತಪ್ಪೇನೂ ಇಲ್ಲ.

ಕ್ರಿಯೆ ಮತ್ತು ನೋಟದ ಪದಗಳಲ್ಲಿ ಮೆದುವೂ ಅಲ್ಲದ ಬಿಗಿಯೂ ಅಲ್ಲದ ಒಂದು ಬಳಗ ನಿಮಗೆ ಸಿಕ್ಕಿರಬೇಕು. ಮೊದಲ ತುಣುಕು ಯಾವಾಗಲೂ ‘ಅಪ್’ ಎಂದು ಮುಗಿಯುತ್ತದೆ. ‘ಞಪ್ ಞಯ್’ ಎಂದರೆ ಹತ್ತಿ ಆರುವ ದೀಪ. ‘ಲಪ್ ಲೊ’ ಎಂದರೆ ಮರೆಯಿಂದ ಇಣುಕಿ ಅಡಗುವುದು. ‘ಬಪ್ ಬೆಞ್’ ಎಂದರೆ ನೀರಿನ ಮೇಲೆ ಏಳುತ್ತ ಬೀಳುತ್ತ ತೇಲುವುದು. ‘ಞಪ್ ಞೋ’ ಎಂದರೆ ಅಲೆಯ ಹಾಗೆ ಏರಿಳಿಯುವುದು. ‘ಫಪ್ ಫೋಙ್’ ಎಂದರೆ ಉಬ್ಬಿ ತಗ್ಗುವುದು. ಇವೆಲ್ಲದರ ಒಳಗೆ ಇರುವುದು ಒಂದೇ ಚಲನೆ: ಇದೆ, ಇಲ್ಲ, ಮತ್ತೆ ಇದೆ. ಇದು ಗೊತ್ತಾದರೆ ನಿಘಂಟಿಲ್ಲದೆಯೂ ಅರ್ಧ ಅರ್ಥ ಹೊಳೆಯುತ್ತದೆ. ಕನ್ನಡದಲ್ಲಿ ಇದಕ್ಕೆ ‘ಮಿಣುಕು’, ‘ಪಿಳಿಪಿಳಿ’ಯಂಥವು ಅಲ್ಲಲ್ಲಿ ಸಿಗುತ್ತವೆ. ಸಿಗದ ಕಡೆ ಎರಡು ವಿರುದ್ಧ ಕ್ರಿಯಾಪದಗಳನ್ನು ಜೊತೆ ಮಾಡಿ. ‘ಏಳುತ್ತ ಬೀಳುತ್ತ’, ‘ಕಂಡೂ ಕಾಣದಂತೆ’, ‘ಉಬ್ಬಿ ತಗ್ಗುತ್ತ’. ನಮ್ಮ ಭಾಷೆಗೆ ಇದು ಬಹಳ ಸಹಜ.

ಮೋಸ ಮಾಡುವ ಪದಗಳ ಬಗ್ಗೆ ಎಚ್ಚರ ಇರಲಿ. ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ಅದು ‘ತು ಲಯ್’ ಅಲ್ಲ. ‘ಮತ್ ಮುಯ್’ ಎಂದರೆ ಮುಖ ಮೂಗು, ಅಂದರೆ ಮುಖಚಹರೆ. ಎರಡೂ ಅರ್ಥ ಇರುವ ಪದಗಳು, ನಮ್ಮ ‘ಕೈಕಾಲು’ ಇದ್ದ ಹಾಗೆ. ‘ಬಿಞ್ ಮಿಞ್’ ಎಂದರೆ ಮುಂಜಾವು. ಪ್ರಾಸ ಕೇಳಿಸುತ್ತದೆ, ಆದರೆ ಅದು ಚೀನೀ ಮೂಲದಿಂದ ಬಂದ ಎರಡು ಪದಗಳ ಕೂಡಿಕೆ. ಇವುಗಳಲ್ಲಿ ಮೆದುತನ ಹುಡುಕಿ ‘ಎಳೆ ಮುಂಜಾವು’ ಎಂದೆಲ್ಲ ಬರೆದರೆ ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದಂತೆ. ಎರಡೂ ತುಂಡುಗಳನ್ನು ಬೇರೆ ಬೇರೆಯಾಗಿ ನಿಘಂಟಿನಲ್ಲಿ ನೋಡಿ. ಎರಡಕ್ಕೂ ಸ್ವಂತ ಅರ್ಥ ಇದ್ದರೆ ಅನುಮಾನ ಪಡಿ.

ಕೊನೆಯದಾಗಿ, ನಿಮ್ಮ ಕಥೆಯ ಸಂಭಾಷಣೆಯಲ್ಲಿ ಒಂದು ಜೋಡಿ ಬಂದೇ ಬರುತ್ತದೆ. ಯಾವ ಪದಕ್ಕಾದರೂ ‘ಇಯೆಕ್’ ಬಾಲ ಹಚ್ಚುವುದು. ‘ಹೊಕ್’ ಎಂದರೆ ಓದು, ಕಲಿಕೆ. ‘ಹೊಕ್ ಹಿಯೆಕ್’ ಎಂದರೆ ಓದಂತೆ ಗೀದಂತೆ! ಕೇಳಿದ ಕೂಡಲೇ ನಮ್ಮ ‘ಪುಸ್ತಕ ಗಿಸ್ತಕ’, ‘ಊಟ ಗೀಟ’ ನೆನಪಾಗುತ್ತದೆ. ರಚನೆ ನಿಜಕ್ಕೂ ಅಷ್ಟು ಹತ್ತಿರ. ಆದರೆ ‘ಇಯೆಕ್’ ಬಾಲದಲ್ಲಿ ಸಾಮಾನ್ಯವಾಗಿ ತಾತ್ಸಾರ, ಸಿಡಿಮಿಡಿ ಇರುತ್ತದೆ. ಕನ್ನಡದ ‘ಗಿ’ ಹಾಗಲ್ಲ. ‘ಕಾಫಿ ಗೀಫಿ ಏನಾದ್ರೂ ತಗೋತೀರಾ’ ಎನ್ನುವುದು ಉಪಚಾರದ ಮಾತು. ಹಾಗಾಗಿ ಬರೀ ‘ಓದು ಗೀದು’ ಎಂದರೆ ಸಾಲದು. ಅಪ್ಪ ಮಗನಿಗೆ ಬಯ್ಯುವ ಮಾತಾದರೆ ‘ಓದಂತೆ ಗೀದಂತೆ, ಬರೀ ಫೋನು!’ ಎಂದು ‘ಅಂತೆ’ ಸೇರಿಸಿ. ತಾತ್ಸಾರ ಆ ‘ಅಂತೆ’ಯಲ್ಲಿದೆ. ಮೂಲದಲ್ಲಿ ‘ಇಯೆಕ್’ ಇಲ್ಲದೆ ‘ಇತ್ಯಾದಿ’ ಎಂಬ ಅರ್ಥದ ಸಾದಾ ಪದ ಇದ್ದ ಕಡೆ ಬೇಕಾದರೆ ‘ಗಿ’ ಒಂದನ್ನೇ ಬಳಸಿ. ಎರಡನ್ನೂ ಕಥೆಯುದ್ದಕ್ಕೂ ಬೇರೆ ಬೇರೆ ಇಟ್ಟುಕೊಂಡರೆ ಯಾವ ಪಾತ್ರ ಯಾವಾಗ ಸಿಡುಕುತ್ತಿದೆ ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.